ಎಕೋದಲ್ಲಿ 64 ಇದ್ದದ್ದು 48 ಆಯ್ತು, ಕ್ಯಾನ್ಸರ್ ಇಂಜೆಕ್ಷನ್ ನಿಲ್ಲಿಸಿದ್ದಾರೆ. ಮುಂದೇನು?

ಪ್ರಶ್ನೆ: ಮೇಡಂ, ನಮ್ದು ಸಿಂಧನೂರು ಹತ್ರ ಒಂದು ಹಳ್ಳಿ. ಅವ್ವಗೆ 56 ವರ್ಷ, ಆರು ವರ್ಷದಿಂದ ಬಿಪಿ ಇದೆ. ಎಡಗಡೆ ಸ್ತನದ ಕ್ಯಾನ್ಸರ್, ಆಪರೇಷನ್ ಆಗಿದೆ. ಕೆಂಪು ಔಷಧಿಯ ಕೀಮೋ ನಾಲ್ಕು ಸಲ ಕೊಟ್ಟರು. ಆಮೇಲೆ ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್, ಅದು ಆರು ಆಗಿದೆ. ಎಕೋ ಮೊದಲು ಬೆಂಗಳೂರಲ್ಲಿ 64, ಕೆಂಪು ಔಷಧಿ ಮುಗಿದಮೇಲೆ ರಾಯಚೂರಲ್ಲಿ 60, ಈಗ ಬಳ್ಳಾರಿಯಲ್ಲಿ 48. ಏಳನೇ ಇಂಜೆಕ್ಷನ್ ನಿಲ್ಲಿಸಿ ಎರಡು ಗುಳಿಗೆ ಬರೆದಿದ್ದಾರೆ. ಅವ್ವಗೆ ಸ್ವಲ್ಪ ಸುಸ್ತು ಅಷ್ಟೇ, ಬೇರೆ ಏನೂ ಇಲ್ಲ. ಇಂಜೆಕ್ಷನ್ನಿಂದ ಹಾರ್ಟ್ ಹೋಯ್ತಾ? ನಿಲ್ಲಿಸಿದ್ದಕ್ಕೆ ಕ್ಯಾನ್ಸರ್ ವಾಪಸ್ ಬರ್ತದಾ? ಆಂಜಿಯೋಗ್ರಾಂ ಮಾಡಿಸಬೇಕಾ?

ಉತ್ತರ: ಮೊದಲು ಆ 48ರ ಭಯ ಸ್ವಲ್ಪ ಇಳಿಸೋಣ. ಬಹಳ ಮಂದಿ ಇದನ್ನು ಪರೀಕ್ಷೆಯ ಮಾರ್ಕ್ಸ್ ಥರ ಓದುತ್ತಾರೆ. "ನೂರಕ್ಕೆ ಬರೀ 48, ಅಂದ್ರೆ ಅರ್ಧ ಹಾರ್ಟ್ ಸತ್ತಂಗೆ" ಅಂತ ನನ್ನ ಮುಂದೆ ಕೂತು ಅತ್ತವರಿದ್ದಾರೆ. ಹಾಗಲ್ಲ. ಹೃದಯದ ಎಡ ಕೋಣೆ ತುಂಬಿದಾಗ 100 ಮಿಲಿ ರಕ್ತ ಇದೆ ಅಂದುಕೊಳ್ಳಿ. ಒಂದು ಬಡಿತಕ್ಕೆ ಅದರಲ್ಲಿ 64 ಮಿಲಿ ಹೊರಗೆ ಹೋದರೆ ಎಕೋದ ಆ ಅಂಕ, ಅಂದರೆ ಇಎಫ್, 64. ಯಾರ ಹೃದಯವೂ ಪೂರ್ತಿ ಖಾಲಿ ಆಗುವುದಿಲ್ಲ, ಖಾಲಿ ಆಗಲೂಬಾರದು. ಹೆಂಗಸರಿಗೆ 54ರ ಮೇಲಿದ್ದರೆ ಮಾಮೂಲಿ. ನಿಮ್ಮ ಅವ್ವನದು ಆ ಗೆರೆಗಿಂತ ಆರು ಅಂಕ ಕೆಳಗಿದೆ. ಗಮನ ಕೊಡಬೇಕಾದ ಸಂಗತಿಯೇ, ಆದರೆ ಹಾರ್ಟ್ ಹೋಯ್ತು ಅನ್ನೋ ಮಾತಲ್ಲ.

ಹೃದಯಕ್ಕೆ ಪೆಟ್ಟು ಕೊಡಬಲ್ಲ ಎರಡು ಔಷಧಿಗಳು ಅವ್ವಗೆ ಹೋಗಿವೆ. ಎರಡರ ಪೆಟ್ಟೂ ಬೇರೆ ಬೇರೆ ಥರದ್ದು. ಇದು ಗೊತ್ತಾದರೆ ಡಾಕ್ಟರ್ ಯಾಕೆ ಹೀಗೆ ಮಾಡಿದರು ಅನ್ನೋದು ತಾನಾಗೇ ಅರ್ಥ ಆಗುತ್ತದೆ.

ಕೆಂಪು ಔಷಧಿ ಅಂದರೆ ಡಾಕ್ಸೊರುಬಿಸಿನ್. ಕೊಟ್ಟ ದಿನ ಮೂತ್ರವೂ ಕೆಂಪಗೆ ಬಂದಿರುತ್ತದೆ, ನೆನಪಿರಬೇಕು. ಕ್ಯಾನ್ಸರ್ ಕೋಶ ಒಡೆದು ಎರಡಾಗಬೇಕಾದರೆ ಅದರ ಡಿಎನ್‌ಎ ಸುರುಳಿಯನ್ನು ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಜೋಡಿಸುವ ಒಂದು ಕಿಣ್ವ ಬೇಕು. ಅದರ ಹೆಸರು ಟೊಪೊಐಸೊಮರೇಸ್-2. ಈ ಔಷಧಿ ಆ ಕಿಣ್ವವನ್ನು ಕತ್ತರಿಸಿದ ಜಾಗದಲ್ಲೇ ಹಿಡಿದು ನಿಲ್ಲಿಸುತ್ತದೆ. ಡಿಎನ್‌ಎ ತುಂಡಾಗಿಯೇ ಉಳಿದು ಕೋಶ ಸಾಯುತ್ತದೆ. ತೊಂದರೆ ಏನಂದರೆ, ಅದೇ ಕಿಣ್ವದ ತಮ್ಮನಂಥದ್ದು ಒಂದು ಹೃದಯದ ಸ್ನಾಯುವಿನಲ್ಲೂ ಇದೆ. ಔಷಧಿಗೆ ಅಣ್ಣ ಯಾರು, ತಮ್ಮ ಯಾರು ಗೊತ್ತಾಗುವುದಿಲ್ಲ. ಹೃದಯದ ಕೋಶದಲ್ಲೂ ಡಿಎನ್‌ಎ ತುಂಡಾಗುತ್ತದೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಕೆಡುತ್ತದೆ, ಕೆಲವು ಕೋಶ ಸಾಯುತ್ತವೆ. ಚರ್ಮದ ಕೋಶ ಸತ್ತರೆ ಹೊಸದು ಬರುತ್ತದೆ. ಹೃದಯದಲ್ಲಿ ಹಾಗೆ ಹೊಸದು ಹುಟ್ಟುವುದು ಬಹಳ ಕಡಿಮೆ.

ಈ ಪೆಟ್ಟು ಡೋಸಿನ ಲೆಕ್ಕದಲ್ಲಿ ಕೂಡುತ್ತಾ ಹೋಗುತ್ತದೆ. ಅದಕ್ಕೇ ಕ್ಯಾನ್ಸರ್ ಡಾಕ್ಟರು ಒಬ್ಬ ರೋಗಿಗೆ ಇಡೀ ಜೀವನದಲ್ಲಿ ಎಷ್ಟು ಹೋಗಿದೆ ಅಂತ ಬರೆದಿಡುತ್ತಾರೆ. ಮೈಯ ಮೇಲ್ಮೈ ಅಳತೆಯ ಪ್ರತಿ ಚದರ ಮೀಟರಿಗೆ 400 ಮಿಲಿಗ್ರಾಂ ದಾಟಿದವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಹೃದಯ ಸೋಲುತ್ತದೆ. 550ಕ್ಕೆ ಹೋದರೆ ನೂರಕ್ಕೆ 26. ಸ್ತನದ ಕ್ಯಾನ್ಸರಿಗೆ ರೂಢಿಯಲ್ಲಿರುವ ಲೆಕ್ಕ ಒಂದು ಸಲಕ್ಕೆ 60, ನಾಲ್ಕು ಸಲಕ್ಕೆ 240. ಅವ್ವನ ಡಿಸ್ಚಾರ್ಜ್ ಚೀಟಿಯಲ್ಲಿ ಇದನ್ನು ನೋಡಿ. 240 ಇದ್ದರೆ ಅಪಾಯದ ಗೆರೆಗೆ ದೂರವೇ ಇದ್ದಾರೆ. ಆದರೆ 240 ಅಂದ ಮಾತ್ರಕ್ಕೆ ಪೆಟ್ಟೇ ಬಿದ್ದಿಲ್ಲ ಅಂತಲ್ಲ. ಬಿಪಿ ಇದ್ದವರಿಗೆ, ವಯಸ್ಸಾದವರಿಗೆ ಕಡಿಮೆ ಡೋಸಿಗೂ ಸ್ವಲ್ಪ ಏಟು ಬೀಳುತ್ತದೆ.

ಎರಡನೆಯದು ಟ್ರಾಸ್ಟುಜುಮ್ಯಾಬ್. ಇದು ಕೋಶವನ್ನು ಕೊಲ್ಲುವ ಕೀಮೋ ಅಲ್ಲ. ಕೆಲವು ಸ್ತನದ ಕ್ಯಾನ್ಸರಿನಲ್ಲಿ ಕೋಶದ ಮೈಮೇಲೆ ಹರ್-2 ಅನ್ನೋ ಬಾಗಿಲುಗಳು ವಿಪರೀತ ಜಾಸ್ತಿ ಇರುತ್ತವೆ. "ಬೆಳೆ, ಬೆಳೆ" ಅನ್ನೋ ಸಂದೇಶ ಆ ಬಾಗಿಲಿಂದ ಒಳಗೆ ಹೋಗುತ್ತದೆ. ಇಂಜೆಕ್ಷನ್ ಆ ಬಾಗಿಲನ್ನು ಮುಚ್ಚುತ್ತದೆ. ಹೃದಯದ ಕೋಶದಲ್ಲೂ ಹರ್-2 ಇದೆ, ಆದರೆ ಅಲ್ಲಿ ಅದರ ಕೆಲಸ ಬೇರೆ. ಒತ್ತಡ ಬಿದ್ದಾಗ, ಗಾಯ ಆದಾಗ "ರಿಪೇರಿ ಮಾಡಿಕೋ" ಅನ್ನೋ ಸಂದೇಶ ಅದೇ ಬಾಗಿಲಿಂದ ಬರುತ್ತದೆ.

ನಿಮ್ಮದು ಭತ್ತದ ಸೀಮೆ, ಅದಕ್ಕೇ ಹೀಗೆ ಹೇಳುತ್ತೇನೆ. ಮೊದಲು ರೈಸ್ ಮಿಲ್ಲಿನ ಮೆಷಿನ್ನಿಗೆ ಕೆಂಪು ಔಷಧಿ ಒಂದು ಪೆಟ್ಟು ಹಾಕಿತು. ಆಮೇಲೆ ರಿಪೇರಿಗೆ ಬಂದ ಮೆಕ್ಯಾನಿಕ್ಕನ್ನು ಟ್ರಾಸ್ಟುಜುಮ್ಯಾಬ್ ಗೇಟಿನಲ್ಲೇ ನಿಲ್ಲಿಸಿತು. ಮೆಷಿನ್ ಕೆಟ್ಟಿಲ್ಲ, ಆದರೆ ಎಳೆದಾಡಿಕೊಂಡು ಓಡುತ್ತಿದೆ. ಗೇಟ್ ತೆರೆದರೆ ಮೆಕ್ಯಾನಿಕ್ ಒಳಗೆ ಬರುತ್ತಾನೆ. ಈ ಎರಡನೇ ಔಷಧಿಯಿಂದ ಇಳಿದ ಇಎಫ್ ಬಹುಪಾಲು ಮಂದಿಯಲ್ಲಿ ಅದನ್ನು ಕೆಲವು ವಾರ ನಿಲ್ಲಿಸಿದರೆ ಮತ್ತೆ ಏರುವುದು ಇದೇ ಕಾರಣಕ್ಕೆ.

ಎರಡನ್ನೂ ಒಟ್ಟಿಗೆ ಕೊಟ್ಟರೆ ಏನಾಗುತ್ತದೆ ಅನ್ನೋದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೊತ್ತಾಯಿತು. ಕೆಂಪು ಔಷಧಿಯ ಕೀಮೋ ಮಾತ್ರ ಪಡೆದವರಲ್ಲಿ ನೂರಕ್ಕೆ 8 ಮಂದಿಗೆ ಹೃದಯದ ತೊಂದರೆ ಬಂದಿತ್ತು. ಜೊತೆಗೇ ಟ್ರಾಸ್ಟುಜುಮ್ಯಾಬ್ ಪಡೆದವರಲ್ಲಿ ನೂರಕ್ಕೆ 27. ಪೆಟ್ಟು ಹಾಕುತ್ತಲೇ ಮೆಕ್ಯಾನಿಕ್ಕನ್ನೂ ತಡೆದಂತಾಯಿತು, ಅಲ್ವಾ? ಈಗ ರೂಢಿಯಲ್ಲಿ ಮೊದಲು ಕೆಂಪು ಔಷಧಿ ಮುಗಿಸಿ, ಆಮೇಲೆ ಇದನ್ನು ಶುರು ಮಾಡುವುದು ಅದಕ್ಕೇ. ಅವ್ವಗೂ ಹಾಗೇ ಕೊಟ್ಟಿದ್ದಾರೆ, ಸರಿಯಾಗಿದೆ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಚುಚ್ಚಿದ ವಿಷಯಕ್ಕೆ ಬರುತ್ತೇನೆ. ಮೂರು ಎಕೋ, ಮೂರು ಊರು. ಬೆಂಗಳೂರು, ರಾಯಚೂರು, ಬಳ್ಳಾರಿ. ನಮ್ಮ ಕಡೆ ಇದು ಎಲ್ಲರ ಕಥೆ. ಆಪರೇಷನ್ ಒಂದು ಕಡೆ, ಕೀಮೋ ಇನ್ನೊಂದು ಕಡೆ, ಎಕೋ ಎಲ್ಲಿ ಬೇಗ ಸಿಕ್ಕುತ್ತದೋ ಅಲ್ಲಿ. ಆದರೆ ಎಕೋದ ಇಎಫ್ ತಕ್ಕಡಿಯ ತೂಕದಂತಲ್ಲ. ಪರದೆಯ ಮೇಲೆ ಕಾಣುವ ಹೃದಯದ ಒಳಗೋಡೆಗೆ ಡಾಕ್ಟರ್ ಕೈಯಿಂದ ಗೆರೆ ಎಳೆಯುತ್ತಾರೆ, ಮೆಷಿನ್ ಆ ಗೆರೆಯೊಳಗಿನ ಅಳತೆ ಲೆಕ್ಕ ಹಾಕುತ್ತದೆ. ಗೆರೆ ಎರಡು ಮಿಲಿಮೀಟರ್ ಆಚೀಚೆ ಆದರೆ ಅಂಕವೂ ಬದಲಾಗುತ್ತದೆ. ಕೆಲವು ಕಡೆ ಗೆರೆಯೂ ಇಲ್ಲ, ಕಣ್ಣಂದಾಜಿನಲ್ಲಿ "60" ಅಂತ ಬರೆದುಬಿಡುತ್ತಾರೆ. ಅವ್ವನ ರಾಯಚೂರಿನ ರಿಪೋರ್ಟಿನಲ್ಲಿ ಬರೀ 60 ಅಂತ ದುಂಡಗೆ ಇದ್ದರೆ ಅದು ಅಂದಾಜಿನದೇ ಇರಬಹುದು. ಬೇರೆ ಬೇರೆ ಕೈ, ಬೇರೆ ಬೇರೆ ಮೆಷಿನ್ನಿನಲ್ಲಿ ಹೃದಯದಲ್ಲಿ ಏನೂ ಬದಲಾಗದೆಯೇ ಸುಮಾರು 10 ಅಂಕದ ವ್ಯತ್ಯಾಸ ಬರಬಹುದು. ಎಡ ಸ್ತನದ ಆಪರೇಷನ್ ಆದವರಲ್ಲಿ ಇನ್ನೊಂದು ಕಷ್ಟ ಇದೆ. ಎಕೋದ ಪ್ರೋಬ್ ಇಡಬೇಕಾದ ಜಾಗವೇ ಆ ಎಡ ಎದೆ. ಗಾಯ, ಗಟ್ಟಿಯಾದ ಚರ್ಮ, ನೋವು, ಇವೆಲ್ಲದರ ನಡುವೆ ಚಿತ್ರ ಮಸುಕಾಗಿ ಬರುತ್ತದೆ.

ನಾನೇ ಇದರಲ್ಲಿ ಒಮ್ಮೆ ಎಡವಿದ್ದೇನೆ. ಗಂಗಾವತಿ ಕಡೆಯ ಒಬ್ಬ ಹೆಣ್ಣುಮಗಳು, ನಿಮ್ಮ ಅವ್ವನಂಥದೇ ಚಿಕಿತ್ಸೆ. ಬೇರೆ ಕಡೆ ಮಾಡಿದ ಮೊದಲ ಎಕೋದಲ್ಲಿ 62. ನನ್ನ ಹತ್ತಿರ ಬಂದ ದಿನ ಮೈಯಲ್ಲಿ ಜ್ವರ, ನಾಡಿ 118. ಅಷ್ಟು ಜೋರಾಗಿ ಬಡಿಯುವ ಹೃದಯಕ್ಕೆ ಗೆರೆ ಹಿಡಿಯುವುದೇ ಕಷ್ಟ. 49 ಬಂತು. "ಇಳಿದಿದೆ, ಇಂಜೆಕ್ಷನ್ ತಡೆಯಿರಿ" ಅಂತ ಬರೆದು ಕೊಟ್ಟೆ. ಮೂರು ವಾರದ ನಂತರ ಅವರ ಮಗಳು ಹಳೆಯ ಎಕೋದ ಸಿಡಿ ತಂದಳು. ಆ ಚಿತ್ರಗಳಿಗೆ ನನ್ನ ಕೈಯಿಂದಲೇ ಗೆರೆ ಎಳೆದು ನೋಡಿದೆ, 57. ಜ್ವರ ಬಿಟ್ಟ ಮೇಲೆ ಹೊಸದಾಗಿ ಮಾಡಿದೆ, 56. ಹೃದಯದಲ್ಲಿ ಏನೂ ಆಗಿರಲಿಲ್ಲ. ನನ್ನ ಚೀಟಿಯಿಂದಾಗಿ ಒಂದು ಡೋಸ್ ಸುಮ್ನೆ ತಪ್ಪಿತು. ಅವತ್ತಿನಿಂದ ಜ್ವರ ಇರುವ ದಿನ, ಗ್ಲೂಕೋಸ್ ಬಾಟಲಿ ಏರಿಸಿದ ದಿನ ನಾನು ಈ ಎಕೋ ಮಾಡುವುದಿಲ್ಲ. ನಾಡಿ, ಬಿಪಿ ಎರಡನ್ನೂ ರಿಪೋರ್ಟಿನಲ್ಲೇ ಬರೆಯುತ್ತೇನೆ.

ಹಾಗಾದರೆ ಅವ್ವನ 48 ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. 64ರಿಂದ 48 ಅಂದರೆ 16 ಅಂಕ. ಕೈ ಬದಲಾದ ವ್ಯತ್ಯಾಸಕ್ಕಿಂತ ಇದು ಜಾಸ್ತಿ. ಮೇಲಾಗಿ 50ರ ಕೆಳಗೆ ಬಂದಿದೆ, ಬಿಪಿ ಇದೆ, ಎರಡೂ ಔಷಧಿ ಹೋಗಿವೆ. ಇಷ್ಟೆಲ್ಲ ಒಂದೇ ಕಡೆ ಬೆರಳು ತೋರಿಸುವಾಗ ನಿಜ ಅಂತಲೇ ಹಿಡಿದು ನಡೆಯಬೇಕು. ಇಳಿದದ್ದು ಪೂರ್ತಿ 16 ಇರಲಿಕ್ಕಿಲ್ಲ, 10 ಇರಬಹುದು. ಅದನ್ನು ತಿಳಿಯೋ ದಾರಿ ಇದೆ. ಬೆಂಗಳೂರಿನ ಮೊದಲ ಎಕೋದ ಚಿತ್ರಗಳನ್ನು ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಕೇಳಿ ತರಿಸಿ. ರಿಪೋರ್ಟಿನ ಕಾಗದ ಸಾಲದು, ಓಡುವ ಚಿತ್ರ ಬೇಕು. ಈಗ ಬಳ್ಳಾರಿಯಲ್ಲಿ ನೋಡಿದ ಡಾಕ್ಟರೇ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಲಿ. ಇನ್ನು ಮುಂದೆ ಎಲ್ಲ ಎಕೋವನ್ನೂ ಅಲ್ಲೇ, ಸಾಧ್ಯವಾದರೆ ಅದೇ ಮೆಷಿನ್ನಿನಲ್ಲಿ ಮಾಡಿಸಿ. ಊರೂರು ಬದಲಿಸಬೇಡಿ. ಚಿತ್ರ ಮಸುಕಾಗಿದ್ದು ಅಂಕ ನಂಬೋಕಾಗಲ್ಲ ಅಂತ ಅವರೇ ಹೇಳಿದರೆ ಆಗ ಹೃದಯದ ಎಂಆರ್‌ಐ ಮಾತು, ಅಲ್ಲಿಯವರೆಗೆ ಬೇಡ.

"ಸ್ಟ್ರೇನ್ ಸಹ ಅಳೆಯಿರಿ" ಅಂತಲೂ ಕೇಳಿ. ಇಎಫ್ ಇಳಿಯುವ ಮೊದಲೇ ಹೃದಯದ ಸ್ನಾಯು ಕುಗ್ಗುವ ರೀತಿ ಸಣ್ಣಗೆ ಸಡಿಲ ಆಗುತ್ತದೆ. ಸ್ಟ್ರೇನ್ ಅದನ್ನು ಹಿಡಿಯುತ್ತದೆ. ಮಾಮೂಲಿ ಹೃದಯದಲ್ಲಿ ಇದು ಮೈನಸ್ 20ರ ಆಸುಪಾಸು ಇರುತ್ತದೆ. ಮೈನಸ್ ಚಿಹ್ನೆ ನೋಡಿ ಹೆದರಬೇಡಿ, ಸ್ನಾಯು ಉದ್ದದಲ್ಲಿ ಎಷ್ಟು ಚಿಕ್ಕದಾಗುತ್ತದೆ ಅನ್ನೋ ಲೆಕ್ಕ ಅದು. 20 ಇದ್ದದ್ದು 17ಕ್ಕಿಂತ ಕೆಳಗಿಳಿದರೆ ಇಎಫ್ ಚೆನ್ನಾಗಿದ್ದರೂ ನಾವು ಎಚ್ಚರ ಆಗುತ್ತೇವೆ. ಕೆಂಪು ಔಷಧಿ ಮುಗಿದ ದಿನಗಳಲ್ಲಿ ಅವ್ವಗೆ ಇದನ್ನು ನೋಡಿದ್ದರೆ ಗುಳಿಗೆ ಬೇಗ ಶುರು ಆಗುತ್ತಿತ್ತೋ ಏನೋ. ಎಲ್ಲ ಮೆಷಿನ್ನಿನಲ್ಲೂ ಈ ಸೌಲಭ್ಯ ಇರಲ್ಲ. ರಕ್ತದಲ್ಲಿ ಟ್ರೊಪೊನಿನ್, ಬಿಎನ್‌ಪಿ ಅಂತ ಎರಡು ಟೆಸ್ಟ್ ಇವೆ. ಮೊದಲನೆಯದು ಸ್ನಾಯುವಿಗೆ ಗಾಯ ಆದರೆ ಏರುತ್ತದೆ, ಎರಡನೆಯದು ಹೃದಯ ಭಾರ ಎಳೆಯುವಾಗ ಏರುತ್ತದೆ. ಎಕೋದ ಅನುಮಾನ ಬಗೆಹರಿಸೋಕೆ ಇವೂ ನೆರವಾಗಬಹುದು.

ಇಂಜೆಕ್ಷನ್ ನಿಲ್ಲಿಸಿದ್ದು ಅಂದರೆ ಕೈಬಿಟ್ಟದ್ದಲ್ಲ, ತಡೆದದ್ದು. ಈ ಔಷಧಿಗೆ ಬರೆದಿಟ್ಟ ನಿಯಮವೇ ಇದೆ. ಮೊದಲಿಗಿಂತ 16 ಅಂಕ ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ ಮಾಮೂಲಿ ಮಟ್ಟದ ಕೆಳಗೆ ಬಂದು 10 ಅಂಕ ಇಳಿದಿದ್ದರೆ, ಕನಿಷ್ಠ 4 ವಾರ ತಡೆಯಬೇಕು. 4 ವಾರಕ್ಕೆ ಮತ್ತೆ ಎಕೋ. 4ರಿಂದ 8 ವಾರದೊಳಗೆ ಇಎಫ್ ಮಾಮೂಲಿ ಮಟ್ಟಕ್ಕೆ ಬಂದು, ಮೊದಲಿನದಕ್ಕಿಂತ ಇಳಿತ 15 ಅಂಕ ಮೀರದಿದ್ದರೆ ಮತ್ತೆ ಶುರು ಮಾಡಬಹುದು. ಅವ್ವಗೆ 55 ಬಂತು ಅಂದುಕೊಳ್ಳಿ, ಏಳನೇ ಇಂಜೆಕ್ಷನ್ ಕೊಡಬಹುದು. 8 ವಾರ ಕಳೆದರೂ 48ರಲ್ಲೇ ಕೂತಿದ್ದರೆ ಈ ನಿಯಮದ ಪ್ರಕಾರ ಪೂರ್ತಿ ನಿಲ್ಲಿಸಬೇಕು.

ಆದರೆ ಈಗೀಗ ನಮ್ಮ ಯೋಚನೆ ಸ್ವಲ್ಪ ಸಡಿಲ ಆಗಿದೆ. ಇಎಫ್ 40ರಿಂದ 49ರ ನಡುವೆ ಇದ್ದು, ದಮ್ಮು, ಕಾಲು ಬಾವು ಏನೂ ಇಲ್ಲದವರಿಗೆ ಹೃದಯದ ಗುಳಿಗೆ ಕೊಟ್ಟುಕೊಂಡೇ, ಪದೇ ಪದೇ ಎಕೋ ನೋಡುತ್ತಾ, ಇಂಜೆಕ್ಷನ್ ಮುಂದುವರಿಸುವವರೂ ಇದ್ದಾರೆ. 40ರ ಕೆಳಗೆ ಹೋದರೆ ಮಾತ್ರ ಯಾರೂ ಧೈರ್ಯ ಮಾಡುವುದಿಲ್ಲ. ಅವ್ವನಲ್ಲಿ ಈ ಎರಡರಲ್ಲಿ ಯಾವ ದಾರಿ ಅನ್ನೋದು ಅವರ ಕ್ಯಾನ್ಸರ್ ಎಷ್ಟು ಜೋರಿನದು ಅನ್ನೋದರ ಮೇಲೆ ನಿಂತಿದೆ. ಗಂಟು ದೊಡ್ಡದಿದ್ದು ಕಂಕುಳಿನ ಗ್ರಂಥಿಗೂ ಹಬ್ಬಿದ್ದರೆ ಮುಂದುವರಿಸುವ ಒತ್ತಾಯ ಜಾಸ್ತಿ. ಇದನ್ನು ಕ್ಯಾನ್ಸರ್ ಡಾಕ್ಟರ್ ಮತ್ತು ಹೃದಯದ ಡಾಕ್ಟರ್ ಫೋನಿನಲ್ಲಾದರೂ ಮಾತಾಡಿಕೊಂಡು ತೀರ್ಮಾನಿಸಬೇಕು. ನೀವು ನಡುವೆ ಚೀಟಿ ಹೊತ್ತು ಓಡಾಡಿದರೆ ಅರ್ಧ ವಿಷಯ ದಾರಿಯಲ್ಲೇ ಉದುರುತ್ತದೆ.

ಕ್ಯಾನ್ಸರ್ ವಾಪಸ್ ಬರುತ್ತದಾ ಅಂದಿರಿ. ನಾಲ್ಕು ವಾರದ ತಡೆಗೆ ಅಷ್ಟು ಹೆದರಬೇಕಿಲ್ಲ. ಈ ಔಷಧಿ ಮೈಯಿಂದ ನಿಧಾನಕ್ಕೆ ಇಳಿಯುತ್ತದೆ, ಕೊನೆಯ ಡೋಸಿನ ನಂತರವೂ ಹಲವು ವಾರ ರಕ್ತದಲ್ಲಿ ಸ್ವಲ್ಪ ಉಳಿದಿರುತ್ತದೆ. ಇನ್ನೊಂದು ವಿಷಯ. ರೂಢಿಯಲ್ಲಿ ಇದನ್ನು ಒಂದು ವರ್ಷ ಕೊಡುತ್ತಾರೆ. ಬ್ರಿಟನ್ನಿನಲ್ಲಿ 4 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ 6 ತಿಂಗಳು ಸಾಕಾ, 12 ತಿಂಗಳು ಬೇಕಾ ಅಂತ ನೋಡಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ನಾಲ್ಕು ವರ್ಷದ ನಂತರ ಎರಡೂ ಗುಂಪುಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ ಇತ್ತು, 6 ತಿಂಗಳಿನವರಲ್ಲಿ ಹೃದಯದ ತೊಂದರೆಗೆ ಔಷಧಿ ನಿಲ್ಲಿಸಬೇಕಾದವರು ಕಡಿಮೆ ಇದ್ದರು. ಹಾಗಂತ ಎಲ್ಲರಿಗೂ ಆರೇ ತಿಂಗಳು ಅಂತ ರೂಢಿ ಬದಲಾಗಿಲ್ಲ, ನೀವಾಗಿ ನಿಲ್ಲಿಸಬೇಡಿ. ಅವ್ವಗೆ ಆಗಲೇ ಆರು ಡೋಸ್ ಹೋಗಿವೆ, ಅವು ವ್ಯರ್ಥ ಆಗಿಲ್ಲ ಅಂತ ಹೇಳೋಕೆ ಇದನ್ನು ಬರೆದೆ. ಮತ್ತೆ ಶುರು ಮಾಡುವಾಗ ಮೊದಲ ಡೋಸ್ ಸ್ವಲ್ಪ ದೊಡ್ಡದಿರುತ್ತದೆ, ತಪ್ಪಿ ಜಾಸ್ತಿ ಕೊಟ್ಟರು ಅಂದುಕೊಳ್ಳಬೇಡಿ. ತುಂಬಾ ಅಂತರ ಬಿದ್ದರೆ ಹಾಗೇ ಕೊಡಬೇಕು.

ಆ ಎರಡು ಗುಳಿಗೆಗಳ ಹೆಸರು ನೀವು ಬರೆದಿಲ್ಲ. ಸಾಮಾನ್ಯವಾಗಿ ಒಂದು ಎನಲಾಪ್ರಿಲ್ ಅಥವಾ ರಾಮಿಪ್ರಿಲ್, ಇನ್ನೊಂದು ಕಾರ್ವೆಡಿಲಾಲ್ ಅಥವಾ ಬಿಸೊಪ್ರೊಲಾಲ್ ಇರುತ್ತವೆ. ಮೆಡಿಕಲ್ ಶಾಪಿನವರು "ಇದು ಬಿಪಿ ಗುಳಿಗೆ" ಅಂತಾರೆ. ಮನೆಯಲ್ಲಿ ಬಿಪಿ ನೋಡುತ್ತೀರಿ, 110 ಬಂತು, "ಬಿಪಿ ಸರಿ ಇದೆ, ಸಾಕು" ಅಂತ ಬಿಡುತ್ತೀರಿ. ಎಲ್ಲರೂ ಎಡವುವುದು ಇಲ್ಲೇ. ಅವ್ವಗೆ ಇವನ್ನು ಕೊಟ್ಟಿರುವುದು ಬಿಪಿಗೆ ಮಾತ್ರ ಅಲ್ಲ, ಸೋತ ಹೃದಯದ ಮೇಲಿನ ಭಾರ ಇಳಿಸೋಕೆ. ಸಣ್ಣ ಡೋಸಿನಿಂದ ಶುರು ಮಾಡಿ ವಾರಗಳ ಲೆಕ್ಕದಲ್ಲಿ ಏರಿಸುತ್ತಾರೆ. ಇಎಫ್ ಮತ್ತೆ 55ಕ್ಕೆ ಬಂತು ಅಂತಲೂ ನೀವಾಗಿ ಬಿಡುವ ಹಾಗಿಲ್ಲ. ಅವ್ವನ ಹಳೆಯ ಬಿಪಿ ಗುಳಿಗೆ ಯಾವುದು ಅಂತ ಮಾತ್ರ ಹೇಳಿ, ಒಂದೇ ಜಾತಿಯ ಎರಡು ಆಗಬಾರದು.

ನಮ್ಮ ಬಿಸಿಲಿಗೆ ಒಂದು ಎಚ್ಚರ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಸೀಮೆಯಲ್ಲಿ 42 ಡಿಗ್ರಿ ಹೊಸದಲ್ಲ. ಎನಲಾಪ್ರಿಲ್ ಜಾತಿಯ ಗುಳಿಗೆ ತಗೊಳ್ಳುವವರಿಗೆ ವಾಂತಿ, ಭೇದಿ ಆಗಿ ಮೈಯ ನೀರು ಇಳಿದರೆ ಬಿಪಿ ಕುಸಿಯುತ್ತದೆ, ಕಿಡ್ನಿಗೂ ಪೆಟ್ಟು. ಅಂಥ ದಿನ ಗುಳಿಗೆ ತಗೊಳ್ಳಬೇಕಾ ಬೇಡವಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಶುರು ಮಾಡಿದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತ ಪರೀಕ್ಷೆ ಆಗಬೇಕು. ಒಣ ಕೆಮ್ಮು ಹಿಡಿದರೆ ಹೇಳಿ, ಗುಳಿಗೆ ಬದಲಿಸುತ್ತಾರೆ. ಮತ್ತಿ ಚಕ್ಕೆಯ ಕಷಾಯ ಹಾರ್ಟಿಗೆ ಒಳ್ಳೆಯದು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಆ ಗುಳಿಗೆಗಳ ಬದಲಿಗೆ ಅದು ನಿಲ್ಲುವುದಿಲ್ಲ. ಕೀಮೋ ನಡುವೆ ಅದರ ಸಹವಾಸ ಬೇಡ. ರೊಟ್ಟಿ ಜೊತೆಯ ಉಪ್ಪಿನಕಾಯಿ, ಹಪ್ಪಳ ಮಾತ್ರ ಕಡಿಮೆ ಮಾಡಿಸಿ, ಉಪ್ಪು ನೀರನ್ನು ಹಿಡಿದಿಡುತ್ತದೆ.

ಆಂಜಿಯೋಗ್ರಾಂ ಈಗ ಬೇಡ ಅನ್ನೋದು ನನ್ನ ಅಭಿಪ್ರಾಯ. ಔಷಧಿಯ ಪೆಟ್ಟು ಹೃದಯದ ಗೋಡೆಯ ಎಲ್ಲ ಕಡೆಯೂ ಸಮವಾಗಿ ಬೀಳುತ್ತದೆ. ರಕ್ತನಾಳ ಕಟ್ಟಿಕೊಂಡಿದ್ದರೆ ಗೋಡೆಯ ಒಂದೇ ಭಾಗ ಅಲುಗಾಡದೆ ನಿಲ್ಲುತ್ತದೆ. ರಿಪೋರ್ಟಿನಲ್ಲಿ ಹಾಗೆ ಒಂದು ಭಾಗದ ಹೆಸರು ಹೇಳಿ ಬರೆದಿದ್ದರೆ, ಇಸಿಜಿ ಬದಲಾಗಿದ್ದರೆ, ನಡೆದಾಗ ಎದೆ ಹಿಡಿದುಕೊಳ್ಳುತ್ತಿದ್ದರೆ ಆಗ ಯೋಚಿಸಬೇಕು. "ಗ್ಲೋಬಲ್ ಹೈಪೊಕೈನೇಸಿಯಾ" ಅಂತ ಇದ್ದರೆ ಎಲ್ಲ ಕಡೆಯೂ ಸಮವಾಗಿ ಸೋತಿದೆ ಅಂತ ಅರ್ಥ.

ಇಂಜೆಕ್ಷನ್ ನಡೆಯುವಷ್ಟು ದಿನ ಮೂರು ತಿಂಗಳಿಗೊಮ್ಮೆ ಎಕೋ ಮಾಮೂಲಿ. ಅವ್ವಗೆ ಇನ್ನು ಅದಕ್ಕಿಂತ ಬೇಗ ಬೇಗ ಬೇಕಾಗುತ್ತದೆ. ಎಲ್ಲ ಮುಗಿದ ಮೇಲೂ ಒಂದು ವರ್ಷಕ್ಕೆ ಒಂದು ಎಕೋ ಮರೆಯಬೇಡಿ. ಕೆಂಪು ಔಷಧಿಯ ಪೆಟ್ಟು ಬಹುತೇಕ ಮೊದಲ ವರ್ಷದಲ್ಲೇ ಕಾಣಿಸುತ್ತದೆ, ಬೇಗ ಹಿಡಿದು ಗುಳಿಗೆ ಕೊಟ್ಟವರಲ್ಲಿ ಅದೂ ಸಾಕಷ್ಟು ಸುಧಾರಿಸುತ್ತದೆ. ಎಡಗಡೆಗೆ ಕರೆಂಟ್, ಅಂದರೆ ರೇಡಿಯೇಷನ್, ಕೊಡುವುದು ಬಾಕಿ ಇದ್ದರೆ ಇಎಫ್ ಇಳಿದ ವಿಷಯ ಆ ಡಾಕ್ಟರಿಗೂ ಹೇಳಿ. ಉಸಿರು ಎಳೆದು ಹಿಡಿಸಿ, ಹೃದಯ ದೂರ ಸರಿದಾಗ ಕೊಡುವ ವಿಧಾನ ಕೆಲವು ಕಡೆ ಇದೆ.

ಸ್ವಲ್ಪ ಸುಸ್ತು ಅಷ್ಟೇ ಅಂದಿರಲ್ಲ, ಅದೊಂದು ನನ್ನ ತಲೆಯಲ್ಲಿ ಉಳಿದಿದೆ. ಕೀಮೋದ ಸುಸ್ತೋ, ರಕ್ತ ಕಡಿಮೆ ಆದದ್ದೋ, ಹೃದಯದ್ದೋ ಅಂತ ಬರೀ ಸುಸ್ತಿನಿಂದ ಗೊತ್ತಾಗಲ್ಲ. ಹಿಮೋಗ್ಲೋಬಿನ್ ಮಾಡಿಸಿ. ದಿನಾ ಬೆಳಗ್ಗೆ ಮೂತ್ರ ಮಾಡಿ ಬಂದ ಮೇಲೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಮತ್ತೆ ಇವತ್ತು ರಾತ್ರಿಯೇ ಅವ್ವನ್ನ ಕೇಳಿ, ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾಳೆ ಅಂತ. ನಮ್ಮ ಕಡೆ ಅವ್ವಂದಿರು ಇದನ್ನೆಲ್ಲ ತಾವಾಗಿ ಹೇಳುವುದಿಲ್ಲ. ಒಂದು ದಿಂಬು ಇದ್ದದ್ದು ಎರಡಾಗಿದ್ದರೆ, ಅಥವಾ ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಿದ್ದರೆ, ನಾಲ್ಕು ವಾರದ ಎಕೋಗೆ ಕಾಯಬೇಡಿ. ಬೆಳಗಾಗುತ್ತಲೇ ಕರೆದುಕೊಂಡು ಹೋಗಿ.